ನಾಗರದ ನಂಜು, ಮಂಡಲದ ನಂಜು

ಹಾವಿನ ನಂಜು ಎಂದರೆ ಒಂದೇ ವಸ್ತು, ಹೆಚ್ಚು ಕಡಿಮೆಯಷ್ಟೇ ಭೇದ ಎಂಬ ಭಾವನೆ ನಮ್ಮ ಜನದಲ್ಲಿ ಬಹು ಹಿಂದಿನಿಂದ ಬೇರೂರಿದೆ. ಆದರೆ ನಾಗರಹಾವು ಕಚ್ಚಿ ಸತ್ತವನ ಸಾವೇ ಬೇರೆ, ಮಂಡಲದ ಹಾವು ಕಚ್ಚಿ ಸತ್ತವನ ಸಾವೇ ಬೇರೆ. ಮೊದಲನೆಯವನಿಗೆ ಕಣ್ಣುರೆಪ್ಪೆ ಜೋತುಬೀಳುತ್ತದೆ, ಮಾತು ತೊದಲುತ್ತದೆ, ಎಂಜಲು ನುಂಗಲಾಗದೆ ಬಾಯಿಂದ ಸೋರುತ್ತದೆ. ಕೊನೆಗೆ ಎದೆಯ ಏರಿಳಿತ ನಿಂತು, ಗುಂಡಿಗೆ ಇನ್ನೂ ಮಿಡಿಯುತ್ತಿರುವಾಗಲೇ ಉಸಿರಿಲ್ಲದೆ ಪ್ರಾಣ ಹೋಗುತ್ತದೆ. ಎರಡನೆಯವನಿಗೆ ಕಚ್ಚಿದ ಕಾಲು ಬಾತು ಉರಿಯುತ್ತದೆ, ಹಲ್ಲಿನ ಗಾಯದಿಂದ ರಕ್ತ ಒಸರುವುದು ನಿಲ್ಲುವುದಿಲ್ಲ, ವಸಡಿನಲ್ಲಿ ರಕ್ತ ಕಾಣುತ್ತದೆ, ಮೂತ್ರ ಕೆಂಪಾಗುತ್ತದೆ. ಮಾತೂ ಬುದ್ಧಿಯೂ ನೆಟ್ಟಗಿರುವಂತೆಯೇ ಎರಡು ಮೂರು ದಿನ ಕಳೆದು, ಮೂತ್ರ ಕಟ್ಟಿ ಅವನು ಸಾಯಬಹುದು. ಈ ಎರಡು ನಂಜುಗಳ ಭೇದವನ್ನು ಮನುಷ್ಯನು ಹೇಗೆ ಕಂಡುಕೊಂಡನು, ಕಂಡುಕೊಂಡ ಮೇಲೆ ಮದ್ದಿಗೆ ಏನಾಯಿತು, ಆ ಮದ್ದು ಬೇಗ ಬೀಳಬೇಕೆಂದು ವೈದ್ಯರು ಏಕೆ ಹಟ ಹಿಡಿಯುತ್ತಾರೆ ಎಂಬುದೇ ಇಲ್ಲಿ ಹೇಳಹೊರಟ ಕಥೆ.

ಕಲಬುರಗಿ ಜಿಲ್ಲೆಯ ಮೂಡಣ ಭಾಗದವರಿಗೆ ಈ ಕಥೆ ದೂರದ್ದಲ್ಲ. ಸೇಡಂ, ಚಿತ್ತಾಪುರಗಳ ಎರೆಭೂಮಿಯಲ್ಲಿ ತೊಗರಿ ಎದೆಯೆತ್ತರ ಬೆಳೆಯುತ್ತದೆ. ಕಾಳಿಗೆ ಇಲಿ ಬರುತ್ತದೆ, ಇಲಿಗೆ ಹಾವು ಬರುತ್ತದೆ. ಶಹಾಬಾದಿನಲ್ಲಿಯೂ ವಾಡಿಯಲ್ಲಿಯೂ ಹಾಸುಗಲ್ಲಿನ ಗಣಿಗಳು, ಒಡೆದು ಒಟ್ಟಿದ ಚಪ್ಪಡಿಗಳ ಸಂದುಗಳು. ಚಿಂಚೋಳಿಯ ಕಡೆ ಗುಡ್ಡ, ಕುರುಚಲು ಕಾಡು, ಅಲ್ಲಲ್ಲಿ ತಾಂಡಾಗಳು. ನೆಲದ ಮೇಲೆ ಮಲಗುವವರು, ಬರಿಗಾಲಲ್ಲಿ ಹೊಲ ಮಾಡುವವರು, ಬರಿಗೈಯಲ್ಲಿ ಕಲ್ಲು ಎತ್ತುವವರು ಇಲ್ಲಿ ಬಹಳ. ಭಾರತದಲ್ಲಿ ಹೆಚ್ಚು ಜನರನ್ನು ಕೊಲ್ಲುವ ಹಾವುಗಳು ನಾಲ್ಕು: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಮೊದಲೆರಡು ನರಕ್ಕೆ ತಾಗುವ ನಂಜಿನವು, ಕೊನೆಯೆರಡು ರಕ್ತಕ್ಕೆ ತಾಗುವ ನಂಜಿನವು. ಹೊಲವೂ ಕಲ್ಲೂ ಕುರುಚಲೂ ಕೂಡಿದ ಇಂಥ ಒಣಸೀಮೆ ಈ ನಾಲ್ಕಕ್ಕೂ ಒಗ್ಗುವ ನೆಲ.

ಭೇದವನ್ನು ಕಂಡವರು ಮೊದಲು ನಮ್ಮವರೇ ಎಂದು ಹೇಳಿದರೆ ಅದು ಬರಿಯ ಅಭಿಮಾನದ ಮಾತಲ್ಲ. ಸುಶ್ರುತಸಂಹಿತೆಯ ಕಲ್ಪಸ್ಥಾನದಲ್ಲಿ ಹಾವುಗಳನ್ನು ಹೆಡೆಯುಳ್ಳ ದರ್ವೀಕರ, ಮೈಮೇಲೆ ಮಂಡಲಗಳುಳ್ಳ ಮಂಡಲಿ, ಪಟ್ಟೆಗಳುಳ್ಳ ರಾಜಿಮಂತ ಎಂದು ಬೇರ್ಪಡಿಸಿ, ಪ್ರತಿಯೊಂದರ ಕಡಿತಕ್ಕೂ ಬೇರೆ ಬೇರೆ ಲಕ್ಷಣಗಳನ್ನು ಹೇಳಿದೆ. ಮಂಡಲಿಯ ಕಡಿತದಲ್ಲಿ ಉರಿ, ಬಾವು, ಮೇಲಿನ ಮತ್ತು ಕೆಳಗಿನ ದ್ವಾರಗಳಿಂದ ರಕ್ತ ಹರಿಯುವುದು ಎಂದು ಅಲ್ಲಿ ಬರೆದಿರುವುದನ್ನು ಇಂದಿನ ವೈದ್ಯರು ಓದಿದರೂ ತಲೆದೂಗುತ್ತಾರೆ. ನಮ್ಮ ಹಳ್ಳಿಗರು ಇಂದಿಗೂ ಬಳಸುವ ‘ಮಂಡಲದ ಹಾವು’ ಎಂಬ ಹೆಸರು ಆ ಹಳೆಯ ಮಾತಿನ ಬಳಗದ್ದೇ. ಹದಿನಾಲ್ಕನೆಯ ಶತಮಾನದ ಒಂದನೆಯ ಮಂಗರಾಜನು ಕನ್ನಡದಲ್ಲಿಯೇ ವಿಷವೈದ್ಯವನ್ನು ಕುರಿತು ‘ಖಗೇಂದ್ರಮಣಿದರ್ಪಣ’ವೆಂಬ ಗ್ರಂಥವನ್ನು ಬರೆದನು. ಹೀಗೆ ನೋಡುವ ಕಣ್ಣು ನಮ್ಮಲ್ಲಿತ್ತು; ಇಲ್ಲದಿದ್ದುದು ನಂಜನ್ನು ಮೈಯೊಳಗೆ ಅಟ್ಟಿಸಿಕೊಂಡು ಹೋಗಿ ಹಿಡಿಯುವ ಮದ್ದು. ಅದು ಆಗ ಜಗತ್ತಿನಲ್ಲಿ ಎಲ್ಲಿಯೂ ಇರಲಿಲ್ಲ.

ಮದ್ದನ್ನು ಪರೀಕ್ಷೆಗೆ ಒಡ್ಡಿ ನೋಡುವ ಪದ್ಧತಿ ನಮ್ಮ ನೆರೆಯ ತೆಲುಗುಸೀಮೆಯಲ್ಲಿ ಹದಿನೆಂಟನೆಯ ಶತಮಾನದ ಕೊನೆಗೆ ತೊಡಗಿತು. ಈಸ್ಟ್ ಇಂಡಿಯಾ ಕಂಪನಿಯಲ್ಲಿದ್ದ ಪ್ಯಾಟ್ರಿಕ್ ರಸೆಲ್ ಎಂಬ ವೈದ್ಯರು ವಿಶಾಖಪಟ್ಟಣದಲ್ಲಿದ್ದು ಹಾವುಗಳನ್ನು ಕೂಡಿಹಾಕಿ, ಕೋಳಿಗಳಿಗೂ ನಾಯಿಗಳಿಗೂ ಕಚ್ಚಿಸಿ, ಏನಾಯಿತೆಂಬುದನ್ನು ಬರೆದಿಟ್ಟು, 1796ರಲ್ಲಿ ದೊಡ್ಡ ಗ್ರಂಥವಾಗಿ ಪ್ರಕಟಿಸಿದರು. ತೆಲುಗರು ‘ಕಾಟುಕ ರೇಕುಲ ಪೊಡ’ ಎಂದು ಕರೆಯುತ್ತಿದ್ದ ಹಾವು ನಾಗರಕ್ಕೆ ಸರಿಗಟ್ಟುವಷ್ಟು ಘೋರವೆಂದು ಲೋಕಕ್ಕೆ ತಿಳಿಸಿದವರು ಅವರೇ. ನಮ್ಮ ಕೊಳಕುಮಂಡಲಕ್ಕೆ ಇಂಗ್ಲಿಷಿನಲ್ಲಿ ಅವರ ಹೆಸರೇ ನಿಂತಿದೆ. ಆ ಕಾಲಕ್ಕೆ ತಂಜಾವೂರಿನ ಗುಳಿಗೆಯೆಂಬ ಮದ್ದಿಗೆ ಬಹಳ ಹೆಸರಿತ್ತು. ಅದರಲ್ಲಿ ಶಂಖಪಾಷಾಣ ಬೆರೆತಿರುತ್ತಿತ್ತು. ರಸೆಲ್ ಸಾಹೇಬರು ಅದನ್ನೂ ಪರೀಕ್ಷಿಸಿ ನೋಡಿದರು. ಅದರ ಖ್ಯಾತಿಗೆ ತಕ್ಕ ಆಧಾರ ಅವರಿಗೆ ದೊರೆಯಲಿಲ್ಲ.

ಮುಂದೆ ಕಲಕತ್ತೆಯಲ್ಲಿ ಜೋಸೆಫ್ ಫೇಯರರ್ ಎಂಬ ವೈದ್ಯರು ಇದೇ ಕೆಲಸವನ್ನು ಇನ್ನೂ ವಿಸ್ತಾರವಾಗಿ ಮಾಡಿ, 1872ರಲ್ಲಿ ಭಾರತದ ಕೊಲೆಗಡುಕ ಹಾವುಗಳನ್ನು ಕುರಿತ ಚಿತ್ರಸಹಿತ ಗ್ರಂಥವನ್ನು ಹೊರತಂದರು. ಬೇರು, ಕಲ್ಲು, ಅಮೋನಿಯ ಎಂದು ಯಾರು ಯಾವ ಮದ್ದನ್ನು ಹೊಗಳಿದರೂ ಅದನ್ನು ತರಿಸಿ ಪ್ರಯೋಗಿಸಿದರು, ಒಂದೂ ಫಲಿಸಲಿಲ್ಲ. ಆದರೆ ಆ ಸೋಲಿನ ನಡುವೆ ಅವರು ಒಂದು ಸಣ್ಣ ವಿಷಯವನ್ನು ಗಮನಿಸಿದರು. ನಾಗರ ಕಚ್ಚಿ ಸತ್ತ ಪ್ರಾಣಿಯ ರಕ್ತ ಹೊರಗೆ ತೆಗೆದಿಟ್ಟರೆ ಎಂದಿನಂತೆ ಹೆಪ್ಪುಗಟ್ಟುತ್ತಿತ್ತು. ಕೊಳಕುಮಂಡಲ ಕಚ್ಚಿ ಸತ್ತ ಪ್ರಾಣಿಯ ರಕ್ತ ನೀರಿನಂತೆ ತೆಳ್ಳಗೇ ಉಳಿಯುತ್ತಿತ್ತು. ಲಂಡನ್ನಿನ ಲಾಡರ್ ಬ್ರಂಟನ್ನರೊಡನೆ ಸೇರಿ ಅವರು ಇನ್ನೊಂದನ್ನೂ ತೋರಿಸಿದರು: ನಾಗರನಂಜು ಏರಿದ ಪ್ರಾಣಿಗೆ ತಿದಿಯಿಂದ ಗಾಳಿ ಊದುತ್ತ ಉಸಿರಾಡಿಸಿದರೆ ಅದರ ಗುಂಡಿಗೆ ಗಂಟೆಗಟ್ಟಲೆ ಬಡಿಯುತ್ತಿತ್ತು. ಅಂದರೆ ನಾಗರನಂಜು ಗುಂಡಿಗೆಗಿಂತ ಮೊದಲು ಉಸಿರಿನ ಸ್ನಾಯುಗಳನ್ನು ಕಟ್ಟಿಹಾಕುತ್ತದೆ. ಇಂದು ಆಸ್ಪತ್ರೆಯಲ್ಲಿ ಕೃತಕ ಉಸಿರಾಟದ ಯಂತ್ರಕ್ಕೆ ರೋಗಿಯನ್ನು ಜೋಡಿಸುವಾಗ ವೈದ್ಯರು ಮಾಡುವುದು ಆ ತಿದಿಯ ಕೆಲಸವನ್ನೇ.

ಈ ನರದ ಕಟ್ಟು ಹೇಗೆ ಬೀಳುತ್ತದೆಂಬುದು ಬಹಳ ತಡವಾಗಿ ತಿಳಿಯಿತು. ನರದ ತುದಿಗೂ ಸ್ನಾಯುವಿಗೂ ನಡುವೆ ಕೂದಲೆಳೆಗಿಂತ ಎಷ್ಟೋ ಕಿರಿದಾದ ಒಂದು ಸಂದು ಇದೆ. ನರವು ಅಸಿಟೈಲ್‌ಕೋಲಿನ್ ಎಂಬ ರಸವನ್ನು ಆ ಸಂದಿಗೆ ಬಿಡುತ್ತದೆ. ಅದು ಸ್ನಾಯುವಿನ ಮೇಲಿರುವ ಬೀಗಕ್ಕೆ ಕೀಲಿಯಂತೆ ಹೊಕ್ಕಾಗ ಸ್ನಾಯು ಸೆಳೆಯುತ್ತದೆ. ನಾಗರನಂಜು ಆ ಬೀಗದ ತೂತಿಗೆ ಕಡ್ಡಿ ಮುರಿದು ತುರುಕಿದ ಹಾಗೆ ಕೂತುಬಿಡುತ್ತದೆ. ಕಟ್ಟುಹಾವಿನ ನಂಜು ಅಷ್ಟಕ್ಕೇ ತೃಪ್ತಿಪಡದೆ, ಕೀಲಿಗಳನ್ನು ಇಟ್ಟಿರುವ ನರದ ತುದಿಯ ಉಗ್ರಾಣವನ್ನೇ ಹಾಳುಮಾಡುತ್ತದೆ. ತೈವಾನಿನ ಚಾಂಗ್ ಮತ್ತು ಲೀ ಎಂಬ ವಿಜ್ಞಾನಿಗಳು 1963ರಲ್ಲಿ ಅಲ್ಲಿಯ ಕಟ್ಟುಹಾವಿನ ನಂಜಿನಿಂದ ಈ ಎರಡು ಕೆಲಸ ಮಾಡುವ ಅಂಶಗಳನ್ನು ಬೇರ್ಪಡಿಸಿ ತೋರಿಸಿದರು. ಈ ಭೇದವನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಇನ್ನು ಮದ್ದು ಹುಟ್ಟಿದ ಸಂಗತಿ. 1891ರಲ್ಲಿ ಫ್ರೆಂಚರ ಆಳ್ವಿಕೆಯಲ್ಲಿದ್ದ ವಿಯೆಟ್ನಾಮಿನ ಬಾಕ್ ಲಿಯು ಎಂಬಲ್ಲಿ ಮಳೆಗಾಲದ ನೆರೆ ನುಗ್ಗಿ, ನಾಗರಗಳು ಮನೆಗಳಲ್ಲಿ ಸೇರಿಕೊಂಡು ಸುಮಾರು 40 ಮಂದಿಯನ್ನು ಕಚ್ಚಿದವು. ಅವರಲ್ಲಿ ನಾಲ್ವರು ಸತ್ತರೆಂದು ವರದಿಯಾಯಿತು. ಸೈಗಾನಿನಲ್ಲಿ ಪಾಸ್ತರ್ ಸಂಸ್ಥೆಯ ಪ್ರಯೋಗಶಾಲೆಯನ್ನು ನಡೆಸುತ್ತಿದ್ದ ಆಲ್ಬರ್ ಕಾಲ್ಮೆತ್ ಎಂಬ ತರುಣ ವೈದ್ಯರಿಗೆ ಅಲ್ಲಿಂದ ಒಂದು ಪೀಪಾಯಿ ತುಂಬ ಜೀವಂತ ನಾಗರಗಳು ಬಂದವು. ಅವರು ನಂಜನ್ನು ಅತಿ ಸಣ್ಣ ಪ್ರಮಾಣದಲ್ಲಿ ಪ್ರಾಣಿಗಳಿಗೆ ಚುಚ್ಚುತ್ತ, ಪ್ರಮಾಣವನ್ನು ಮೆಲ್ಲಮೆಲ್ಲನೆ ಏರಿಸುತ್ತ ಹೋದರು. ಹಾಗೆ ಪಳಗಿದ ಪ್ರಾಣಿಯ ರಕ್ತದ ತಿಳಿರಸ ಬೇರೆ ಪ್ರಾಣಿಯ ಮೈಯಲ್ಲಿಯೂ ನಂಜನ್ನು ತಡೆಯುತ್ತಿತ್ತು. 1894–95ರ ಹೊತ್ತಿಗೆ ಫ್ರಾನ್ಸಿನಲ್ಲಿ ಕುದುರೆಗಳನ್ನು ಹೀಗೆ ಪಳಗಿಸಿ ಪ್ರತಿವಿಷದ ರಸವನ್ನು ತಯಾರಿಸತೊಡಗಿದರು. ಫಿಸಾಲಿ ಮತ್ತು ಬರ್ತ್ರಾಂ ಎಂಬಿಬ್ಬರು ಅದೇ ಕಾಲಕ್ಕೆ ಬೇರೆಯಾಗಿಯೇ ಈ ತತ್ತ್ವವನ್ನು ಕಂಡಿದ್ದರು.

ಬಾಕ್ ಲಿಯುವಿನ ಲೆಕ್ಕವನ್ನು ಇನ್ನೊಮ್ಮೆ ನೋಡಬೇಕು. ನಲವತ್ತರಲ್ಲಿ ನಾಲ್ವರು ಸತ್ತರು. ಪ್ರತಿವಿಷವೆಂಬುದು ಇನ್ನೂ ಹುಟ್ಟದಿದ್ದ ಆ ದಿನ ಮಿಕ್ಕವರು ಬದುಕಿಕೊಂಡರು. ಆ ಊರಿನಲ್ಲಿ ಯಾವನಾದರೂ ಮಂತ್ರವಾದಿ ಅವರಿಗೆಲ್ಲ ಬೂದಿ ಹಚ್ಚಿದ್ದರೆ, ಹತ್ತರಲ್ಲಿ ಒಂಬತ್ತು ಮಂದಿಯನ್ನು ಉಳಿಸಿದೆನೆಂದು ಅವನು ಪ್ರಾಮಾಣಿಕವಾಗಿಯೇ ಹೇಳಬಹುದಾಗಿತ್ತು! ವಿಷದ ಹಾವು ಕಚ್ಚಿದಾಗಲೆಲ್ಲ ನಂಜು ಬಿಡುವುದಿಲ್ಲ. ಎಷ್ಟೋ ಸಲ ಹಲ್ಲು ನಾಟಿ, ನಂಜು ಇಳಿಯದೆ ಹೋಗುತ್ತದೆ. ಎಷ್ಟೋ ಸಲ ಕೊಲ್ಲುವಷ್ಟು ಇಳಿಯುವುದಿಲ್ಲ. ಇದರ ಮೇಲೆ ಕೇರೆಹಾವು, ನೀರುಹಾವು ಮೊದಲಾದ ನಿರುಪದ್ರವಿಗಳ ಕಡಿತವೂ ಸೇರುತ್ತದೆ. ಬೇರು ಕಟ್ಟುವವನ, ಹಾವಿನ ಕಲ್ಲು ಅಂಟಿಸುವವನ, ಮೆಣಸಿನಕಾಯಿ ತಿನ್ನಿಸಿ ಖಾರ ಹತ್ತಿತೇ ಎಂದು ಕೇಳುವವನ ಕೀರ್ತಿಯೆಲ್ಲ ನಿಂತಿರುವುದು ಈ ಅಡಿಪಾಯದ ಮೇಲೆ. ಅವರೆಲ್ಲ ಮೋಸಗಾರರೆಂದು ನಾನು ಹೇಳುವುದಿಲ್ಲ. ಬಹುಪಾಲು ಮಂದಿ ಕೈಚಾಚಿ ದುಡ್ಡನ್ನೂ ಕೇಳುವುದಿಲ್ಲ. ಆದರೆ ಬದುಕುವವನನ್ನು ಬದುಕಿಸಿದ ಮದ್ದು ಯಾವುದು, ಸಾಯುವವನನ್ನು ಬದುಕಿಸಿದ ಮದ್ದು ಯಾವುದು ಎಂಬುದನ್ನು ಬೇರ್ಪಡಿಸಿ ನೋಡುವ ದಾರಿ ಅವರಿಗಿಲ್ಲ. ಸಾಹೇಬರೂ ಇದೇ ಬಲೆಗೆ ಬಿದ್ದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಲಕತ್ತೆಯ ಲಿಯೊನಾರ್ಡ್ ರೋಜರ್ಸ್ ಅವರು ಗಾಯವನ್ನು ಕೊಯ್ದು ಪೊಟ್ಯಾಸಿಯಂ ಪರ್ಮಾಂಗನೇಟಿನ ಹರಳನ್ನು ತಿಕ್ಕಬೇಕೆಂದು ಪ್ರಚಾರ ಮಾಡಿದರು. ಅದಕ್ಕೆಂದೇ ಪುಟ್ಟ ಚೂರಿಗಳು ತಯಾರಾದವು. ಗಾಜಿನ ಬಟ್ಟಲಲ್ಲಿ ಆ ಹರಳು ನಂಜನ್ನು ಕೆಡಿಸುವುದು ನಿಜ. ಮೈಯಲ್ಲಿ ಮಾತ್ರ ನಂಜು ಅಷ್ಟು ಹೊತ್ತಿಗೆ ಗಾಯವನ್ನು ಬಿಟ್ಟು ಹೋಗಿರುತ್ತಿತ್ತು. ಉಳಿಯುತ್ತಿದ್ದುದು ಕೊಯ್ದ ಗಾಯ. ಬರಬರುತ್ತ ಆ ಪದ್ಧತಿಯನ್ನು ಕೈಬಿಟ್ಟರು.

ಕಾಲ್ಮೆತ್ ಅವರಿಗೂ ಒಂದು ಭ್ರಮೆಯಿತ್ತು. ನಾಗರನಂಜಿಗೆ ಮಾಡಿದ ತಮ್ಮ ರಸ ಎಲ್ಲ ಹಾವುಗಳಿಗೂ ಸಾಕೆಂದು ಅವರು ನಂಬಿದ್ದರು. ಆಸ್ಟ್ರೇಲಿಯದಲ್ಲಿ ಸಿ. ಜೆ. ಮಾರ್ಟಿನ್ ಎಂಬುವರು ಅಲ್ಲಿಯ ಹಾವುಗಳ ಮೇಲೆ ಪರೀಕ್ಷಿಸಿ, ಹಾಗಿಲ್ಲವೆಂದರು. ನಮ್ಮ ದೇಶದ ಮಟ್ಟಿಗೆ ಈ ವ್ಯಾಜ್ಯ ತೀರಿದ್ದು ಮುಂಬಯಿಯಲ್ಲಿ, ಪ್ಲೇಗಿನ ಸಂಶೋಧನೆಗೆಂದು ಹಾಫ್‌ಕಿನ್ ಅವರು ಕಟ್ಟಿದ ಪ್ರಯೋಗಶಾಲೆಯಲ್ಲಿ. ಅಲ್ಲಿದ್ದ ಜಾರ್ಜ್ ಲ್ಯಾಂಬ್ ಎಂಬ ಸರ್ಕಾರಿ ವೈದ್ಯರು ತಮ್ಮ ಜೊತೆಗಾರ ಹ್ಯಾನಾ ಅವರೊಡನೆ ಸೇರಿ, ನಾಗರದ ಪ್ರತಿವಿಷವನ್ನು ಕೊಳಕುಮಂಡಲದ ನಂಜಿಗೆ ಬೆರೆಸಿ ನೋಡಿದರು. ನಂಜಿನ ಕಸುವು ಕುಗ್ಗಲೇ ಇಲ್ಲ. 1900ರಿಂದ 1905ರೊಳಗೆ ನಡೆದ ಈ ಕೆಲಸದಿಂದ ಎರಡು ನಂಜುಗಳು ಬೇರೆ ಬೇರೆ, ಎರಡಕ್ಕೂ ಬೇರೆ ಬೇರೆ ಪ್ರತಿವಿಷ ಬೇಕೆಂಬುದು ಖಚಿತವಾಯಿತು. ಲ್ಯಾಂಬ್ ಅವರು ಕಂಡ ಇನ್ನೊಂದು ಸಂಗತಿ ಇನ್ನೂ ವಿಚಿತ್ರ. ಕೊಳಕುಮಂಡಲದ ನಂಜನ್ನು ಬಹಳವಾಗಿ ಒಮ್ಮೆಗೇ ಚುಚ್ಚಿದರೆ ಪ್ರಾಣಿಯ ರಕ್ತ ನಾಳದೊಳಗೇ ಗಡ್ಡೆಯಾಗಿ ಅದು ತಟ್ಟನೆ ಸಾಯುತ್ತಿತ್ತು. ಕಡಿಮೆಯಾಗಿ ಚುಚ್ಚಿದರೆ ರಕ್ತ ಹೆಪ್ಪುಗಟ್ಟುವ ಗುಣವನ್ನೇ ಕಳೆದುಕೊಳ್ಳುತ್ತಿತ್ತು. ಹೆಪ್ಪುಗಟ್ಟಿಸುವ ನಂಜೇ ಹೆಪ್ಪುಗಟ್ಟದಂತೆ ಮಾಡುವುದು ಹೇಗೆ?

ಇದಕ್ಕೆ ಸಿಮೆಂಟಿನ ಊರಾದ ವಾಡಿಯವರಿಗೆ ಅರ್ಥವಾಗುವ ಹೋಲಿಕೆಯೊಂದುಂಟು. ಗೋಡೆ ಬಿರುಕುಬಿಟ್ಟಾಗ ಮೆತ್ತಲೆಂದು ಮನೆಯಲ್ಲಿ ಒಂದು ಮೂಟೆ ಸಿಮೆಂಟು ಇಟ್ಟಿದ್ದೇವೆ ಎನ್ನಿ. ಒಬ್ಬ ಹುಚ್ಚ ಬಂದು ಅದಕ್ಕೆ ನೀರು ಸುರಿದು, ಕಾಳುಕಾಳಾಗಿ ಅಂಗಳದ ತುಂಬ ಎರಚಿಬಿಟ್ಟರೆ, ಅದು ಗಟ್ಟಿಯಾಗುವುದೇನೋ ನಿಜ. ಬಿರುಕಿಗೆ ಮೆತ್ತಲು ಮಾತ್ರ ಹಿಡಿ ಸಿಮೆಂಟೂ ಉಳಿಯುವುದಿಲ್ಲ. ರಕ್ತದಲ್ಲಿ ಫೈಬ್ರಿನೋಜನ್ ಎಂಬುದೇ ಆ ಸಿಮೆಂಟು. ಮಂಡಲದ ನಂಜು ಅದನ್ನು ಮೈಯೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಹೆಪ್ಪುಗಳಾಗಿ ಗಂಟೆ ಎರಡು ಗಂಟೆಯೊಳಗೆ ಖರ್ಚುಮಾಡಿಸಿಬಿಡುತ್ತದೆ. ಆಮೇಲೆ ವಸಡಿನಿಂದಲೋ ಮಿದುಳಿನೊಳಗೋ ರಕ್ತ ಒಸರಿದರೆ ತಡೆಯುವವರಿಲ್ಲ. ಈ ನಂಜಿನ ಕೈಚಳಕ ಎಷ್ಟು ಚುರುಕೆಂದರೆ, 1934ರಲ್ಲಿ ಲಂಡನ್ನಿನ ಮ್ಯಾಕ್‌ಫರ್ಲೇನ್ ಮತ್ತು ಬಾರ್ನೆಟ್ ಎಂಬುವರು ಇದನ್ನು ಬಹಳ ತೆಳುವಾಗಿ ನೀರಿಗೆ ಬೆರೆಸಿ, ಹುಟ್ಟಿನಿಂದಲೇ ರಕ್ತ ಹೆಪ್ಪುಗಟ್ಟದ ರೋಗಿಗಳ ಗಾಯಕ್ಕೆ ಹಚ್ಚಿ ರಕ್ತವನ್ನು ನಿಲ್ಲಿಸಿದರು.

ಲ್ಯಾಂಬ್ ಅವರ ಕೆಲಸದ ಫಲವಾಗಿ ಕಸೌಲಿಯಲ್ಲಿ ನಾಗರ ಮತ್ತು ಕೊಳಕುಮಂಡಲ ಎರಡಕ್ಕೂ ಸಲ್ಲುವ ಪ್ರತಿವಿಷ ತಯಾರಾಗತೊಡಗಿತು. 1940ರ ದಶಕದಲ್ಲಿ ಮುಂಬಯಿಯ ಹಾಫ್‌ಕಿನ್ ಸಂಸ್ಥೆ ಕಟ್ಟುಹಾವನ್ನೂ ಗರಗಸಮಂಡಲವನ್ನೂ ಸೇರಿಸಿ, ನಾಲ್ಕಕ್ಕೂ ಒಂದೇ ಸೀಸೆಯಲ್ಲಿ ಮದ್ದು ಮಾಡಿತು. ಮುಂಬಯಿಯಿಂದ ಮದ್ರಾಸಿಗೆ ಹೋಗುವ ಹಳಿ ಶಹಾಬಾದ್, ವಾಡಿಗಳ ಮೇಲೆ ಹಾಯುತ್ತದೆ. ವಾಡಿಯಿಂದ ಚಿತ್ತಾಪುರ, ಸೇಡಮ್ಮಿನ ಮೂಲಕ ಸಿಕಂದರಾಬಾದಿಗೆ ಹೋಗುವ ನಿಜಾಮರ ಹಳಿ 1874ರಲ್ಲಿಯೇ ಬಂದಿತ್ತು. ಹಳಿ ಇದ್ದಮಾತ್ರಕ್ಕೆ ಮದ್ದು ಹಳ್ಳಿಗೆ ಬರುವುದಿಲ್ಲ. ಹಳೆಯ ದ್ರವರೂಪದ ಪ್ರತಿವಿಷಕ್ಕೆ ತಂಪು ಬೇಕಾಗಿತ್ತು. ಅದನ್ನು ಒಣಗಿಸಿ ಪುಡಿಮಾಡುವ ಪದ್ಧತಿ ಬಂದ ಮೇಲೆಯೇ ಸಣ್ಣ ಆಸ್ಪತ್ರೆಗಳ ಕಪಾಟಿನಲ್ಲಿ ಅದು ಬಾಳತೊಡಗಿತು. ಈಗಲೂ ಆ ಪುಡಿಗೆ 10 ಮಿಲಿಲೀಟರ್ ಶುದ್ಧಜಲ ಬೆರೆಸಿ, ಕುಲುಕದೆ ಮೆಲ್ಲಗೆ ತಿರುವಿ ಕರಗಿಸುತ್ತಾರೆ.

ಬೇಗ ಎಂಬುದರ ಗುಟ್ಟು ಈ ಮದ್ದಿನ ಸ್ವಭಾವದಲ್ಲಿಯೇ ಇದೆ. ಪ್ರತಿವಿಷವು ರಕ್ತದಲ್ಲಿ ಅಲೆಯುತ್ತಿರುವ ನಂಜಿನ ಕಣವನ್ನು ಹಿಡಿದು ಕಟ್ಟಿಹಾಕುತ್ತದೆ. ನಂಜು ಈಗಾಗಲೇ ಮಾಡಿ ಮುಗಿಸಿದ ಕೇಡನ್ನು ಅದು ದುರಸ್ತಿ ಮಾಡಲಾರದು. ಕಳ್ಳನನ್ನು ಹಿಡಿಯುವ ಪೊಲೀಸನಂತೆ ಅದು. ಒಡೆದ ಬಾಗಿಲನ್ನು ಕಟ್ಟುವ ಬಡಗಿಯಲ್ಲ. ಅದರ ಪ್ರಮಾಣದ ಲೆಕ್ಕವೂ ಸರಳ. ಒಂದು ಮಿಲಿಲೀಟರ್ ಪ್ರತಿವಿಷ ಕೊಳಕುಮಂಡಲದ 0.6 ಮಿಲಿಗ್ರಾಂ ನಂಜನ್ನು ಕಟ್ಟುತ್ತದೆ. ಆ ಹಾವು ಒಂದು ಕಡಿತದಲ್ಲಿ ಸರಾಸರಿ ಅರವತ್ತು ಮಿಲಿಗ್ರಾಮಿಗೆ ತುಸು ಮೇಲೆ ಬಿಡುತ್ತದೆ. ಹತ್ತು ಸೀಸೆ ಎಂದರೆ 100 ಮಿಲಿಲೀಟರ್, ಅಂದರೆ 60 ಮಿಲಿಗ್ರಾಂ ನಂಜಿಗೆ ಉತ್ತರ. ಆಸ್ಪತ್ರೆಯಲ್ಲಿ ಮೊದಲ ಸಲಕ್ಕೇ ಹತ್ತು ಸೀಸೆ ಏರಿಸುವುದು ಇದಕ್ಕಾಗಿ. ಮಗುವಾದರೂ ಅಷ್ಟೇ ಏರಿಸಬೇಕು. ಹಾವು ಮಗುವೆಂದು ನೋಡಿ ನಂಜು ಕಡಿಮೆ ಬಿಟ್ಟಿರುವುದಿಲ್ಲ. ಮಗುವಿಗೆ ಅರ್ಧ ಸಾಕೆಂದು ಹಟ ಹಿಡಿಯುವ ಬಂಧುಗಳು ಇದನ್ನು ತಿಳಿಯಬೇಕು.

ಅಲ್ಲಲ್ಲಿ ನಡೆಯುವುದನ್ನೇ ಕೂಡಿಸಿ ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳೋಣ. ಡಿಸೆಂಬರ್ ತಿಂಗಳು, ಸೇಡಂ ತಾಲೂಕಿನ ಒಂದು ಹಳ್ಳಿ. ಬೆಳಗಿನ ಎಂಟು ಗಂಟೆಗೆ ತೊಗರಿ ಕೊಯ್ಯುತ್ತಿದ್ದ ಹೆಣ್ಣುಮಗಳೊಬ್ಬಳ ಪಾದಕ್ಕೆ ಕೊಳಕುಮಂಡಲ ಕಚ್ಚಿತು. ಕೆಲವೇ ನಿಮಿಷಗಳಲ್ಲಿ ಉರಿ, ಬಾವು. ಬದುವಿನ ಮೇಲಿದ್ದ ಮುದುಕಿ, “ತಂಗಿ, ಹೆದರಬ್ಯಾಡವ್ವ, ಮೆಣಸಿನಕಾಯಿ ಕಡಿದು ನೋಡು, ಖಾರ ಹತ್ತಿದ್ರ ಏನೂ ಆಗಂಗಿಲ್ಲ” ಎನ್ನುತ್ತಾಳೆ. ಖಾರ ಹತ್ತುತ್ತದೆ. ಹತ್ತದೆ ಏನು? ಮಂಡಲದ ನಂಜಿಗೂ ನಾಲಗೆಯ ರುಚಿಗೂ ಸಂಬಂಧವಿಲ್ಲ. ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಕಾಲಿಗೆ ಹಗ್ಗ ಬಿಗಿದು, ಗುಡಿಯ ಕಟ್ಟೆಗೆ ಕರೆತಂದು, ಮದ್ದು ಕೊಡುವವನನ್ನು ಕಾಯುತ್ತಾರೆ. ಅವಳು ಮಾತಾಡುತ್ತಾಳೆ, ನೀರು ಕುಡಿಯುತ್ತಾಳೆ. ಅಷ್ಟರಲ್ಲಿ, ಯಾರ ಕಣ್ಣಿಗೂ ಬೀಳದಂತೆ, ಸಿಮೆಂಟಿನ ಮೂಟೆ ಖಾಲಿಯಾಗಿದೆ. ಸಂಜೆ ವಸಡಿನಲ್ಲಿ ರಕ್ತ ಕಂಡು ಆಸ್ಪತ್ರೆಗೆ ಒಯ್ದು, ಹಗ್ಗ ಬಿಚ್ಚಿದೊಡನೆ ಕಾಲಿನಲ್ಲಿ ತಡೆದಿದ್ದ ನಂಜು ಒಮ್ಮೆಗೇ ಮೇಲಕ್ಕೆ ನುಗ್ಗುತ್ತದೆ. ಪ್ರತಿವಿಷ ಆಗಲೂ ಕೊಡುತ್ತಾರೆ, ಕೊಡಲೇಬೇಕು. ರಕ್ತವೂ ಮತ್ತೆ ಹೆಪ್ಪುಗಟ್ಟಬಹುದು. ಆದರೆ ಹತ್ತು ಗಂಟೆಯ ಕಾಲ ನಂಜು ತೊಳೆದುಕೊಂಡು ಹೋದ ಮೂತ್ರಪಿಂಡಗಳು ಅಷ್ಟರಲ್ಲಿ ಕೆಟ್ಟಿರುತ್ತವೆ. ಮುಂದಿನದು ಕಲಬುರಗಿಯ ದೊಡ್ಡ ಆಸ್ಪತ್ರೆ, ಯಂತ್ರದಿಂದ ರಕ್ತ ಶುದ್ಧಿಮಾಡುವ ಡಯಾಲಿಸಿಸ್, ವಾರಗಟ್ಟಲೆ ವಾಸ.

ಅವಳನ್ನು ಹಗ್ಗ ಬಿಗಿಯದೆ, ಕಾಲುಂಗುರ ಬಿಚ್ಚಿ, ಕಾಲಿಗೆ ಎರಡು ತೊಗರಿಕಟ್ಟಿಗೆ ಆತುಕೊಟ್ಟು ಅಲುಗಾಡದಂತೆ ಸಡಿಲವಾಗಿ ಬಟ್ಟೆ ಸುತ್ತಿ, ಮೋಟಾರು ಸೈಕಲಿನಲ್ಲಿ ಇಬ್ಬರ ನಡುವೆ ಕೂಡಿಸಿಕೊಂಡು ಒಂಬತ್ತೂವರೆಗೆ ತಾಲೂಕು ಆಸ್ಪತ್ರೆಗೆ ತಂದಿದ್ದರೆ ಏನಾಗುತ್ತಿತ್ತು? ವೈದ್ಯರು ಅವಳ ನರದಿಂದ 2 ಮಿಲಿಲೀಟರ್ ರಕ್ತವನ್ನು ಹೊಸ ಗಾಜಿನ ಕೊಳವೆಗೆ ಹಾಕಿ, 20 ನಿಮಿಷ ಮುಟ್ಟದೆ ಇಟ್ಟು, ಆಮೇಲೆ ಒಮ್ಮೆ ಬಾಗಿಸುತ್ತಾರೆ. ಹೆಪ್ಪಾಗಿದ್ದರೆ ರಕ್ತ ತಳದಲ್ಲಿ ನಿಲ್ಲುತ್ತದೆ. ನೀರಿನಂತೆ ಹರಿದರೆ ನಂಜು ರಕ್ತಕ್ಕೆ ಏರಿದೆಯೆಂದು ಅರ್ಥ. ಫೇಯರರ್ ಅವರು ಸತ್ತ ಪ್ರಾಣಿಯಲ್ಲಿ ಕಂಡದ್ದನ್ನು ಇಲ್ಲಿ ಬದುಕಿರುವ ಮನುಷ್ಯನಲ್ಲಿ ಸಕಾಲಕ್ಕೆ ಕಾಣುತ್ತಾರೆ. ಈ ಪರೀಕ್ಷೆಗೆ ಯಂತ್ರ ಬೇಡ, ವಿದ್ಯುತ್ತೂ ಬೇಡ. ಆದರೆ ಕೊಳವೆ ಗಾಜಿನದೇ ಆಗಿರಬೇಕು. ಪ್ಲಾಸ್ಟಿಕ್ಕಿನದಾದರೆ, ಅಥವಾ ಸಾಬೂನಿನ ಪುಡಿಯಲ್ಲಿ ತೊಳೆದದ್ದಾದರೆ, ಒಳ್ಳೆಯ ರಕ್ತವೂ ಹೆಪ್ಪುಗಟ್ಟದೆ ವೈದ್ಯರನ್ನು ದಾರಿತಪ್ಪಿಸುತ್ತದೆ. ಹತ್ತು ಸೀಸೆಗಳನ್ನು ಒಂದು ಗಂಟೆಯಲ್ಲಿ ಏರಿಸಿ, ಆರು ಗಂಟೆ ಬಿಟ್ಟು ಮತ್ತೆ ಕೊಳವೆಯಲ್ಲಿ ನೋಡುತ್ತಾರೆ. ಆರು ಗಂಟೆಯೇ ಏಕೆಂದರೆ, ನಂಜು ಕಟ್ಟುಬಿದ್ದ ಮೇಲೆ ಪಿತ್ತಜನಕಾಂಗವು ಹೊಸ ಫೈಬ್ರಿನೋಜನ್ ತಯಾರಿಸಲು ಅಷ್ಟು ಹೊತ್ತು ಬೇಕು. ಆಗಲೂ ಹೆಪ್ಪುಗಟ್ಟದಿದ್ದರೆ ಇನ್ನಷ್ಟು ಸೀಸೆ. ಹಾವನ್ನು ಹೊಡೆದು ಚೀಲದಲ್ಲಿ ತರುವುದೂ ಬೇಕಿಲ್ಲ. ನಾಲ್ಕಕ್ಕೂ ಮದ್ದು ಒಂದೇ, ಮತ್ತು ಸತ್ತಂತೆ ಕಾಣುವ ಹಾವೂ ಕಚ್ಚೀತು.

ನರದ ನಂಜಿನಲ್ಲಿ ಹೊತ್ತಿನ ಲೆಕ್ಕ ಇನ್ನೂ ಬಿಗಿ. ನಾಗರನ ಕಡಿತದಲ್ಲಿ ಬೀಗದ ತೂತಿಗೆ ಕಡ್ಡಿ ಮಾತ್ರ ಸಿಕ್ಕಿಕೊಂಡಿರುವುದರಿಂದ, ಪ್ರತಿವಿಷದ ಜೊತೆಗೆ ನಿಯೋಸ್ಟಿಗ್ಮಿನ್ ಎಂಬ ಮದ್ದನ್ನು ಅಟ್ರೋಪಿನ್ ಸಹಿತ ಕೊಟ್ಟರೆ ಕೀಲಿಗಳ ಸಂಖ್ಯೆ ಹೆಚ್ಚಿ, ಜೋತುಬಿದ್ದ ರೆಪ್ಪೆ ಅರ್ಧ ಗಂಟೆಯಲ್ಲಿ ಎತ್ತುವುದನ್ನು ಕಾಣಬಹುದು. ಕಟ್ಟುಹಾವಿನ ಕಥೆ ಹಾಗಲ್ಲ. ಅದು ರಾತ್ರಿಯಲ್ಲಿ, ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವಿಲ್ಲ, ಬಾವಿಲ್ಲ, ಗುರುತೂ ಸರಿಯಾಗಿ ಕಾಣದು. ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದವನಿಗೆ ಓಮಿನ ಕಾಳು ತಿನ್ನಿಸುತ್ತಾರೆ. ಕಣ್ಣು ಬಿಡಲಾಗದೆ ಹೋದಾಗ ಗಾಳಿ ಸೋಕಿತೆನ್ನುತ್ತಾರೆ. ನೆಲದಲ್ಲಿ ಮಲಗಿದ್ದವನಿಗೆ ಬೆಳಗಿನಲ್ಲಿ ಕಾರಣವಿಲ್ಲದ ಹೊಟ್ಟೆನೋವೂ ರೆಪ್ಪೆಯ ಜೋಲೂ ಕೂಡಿ ಬಂದರೆ ಕಟ್ಟುಹಾವನ್ನೇ ಮೊದಲು ನೆನೆಯಬೇಕು. ಉಗ್ರಾಣ ಹಾಳಾದ ಮೇಲೆ ಎಷ್ಟು ಸೀಸೆ ಏರಿಸಿದರೂ ಅದು ಮರಳುವುದಿಲ್ಲ; ನರದ ತುದಿ ತಾನಾಗಿ ಚಿಗುರುವವರೆಗೆ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ, ಯಂತ್ರದಿಂದ ಉಸಿರಾಡಿಸಬೇಕು. ಆ ರೋಗಿ ಕಣ್ಣು ಮುಚ್ಚಿ ಹೆಣದಂತೆ ಬಿದ್ದಿದ್ದರೂ ಎಲ್ಲ ಮಾತೂ ಕೇಳಿಸುತ್ತಿರುತ್ತದೆ. ಅಂಥವನನ್ನು ಸತ್ತನೆಂದು ಬಗೆದು ಮನೆಗೆ ಒಯ್ಯಬಾರದು.

ಪ್ರತಿವಿಷಕ್ಕೂ ಮಿತಿಗಳುಂಟು. ಅದು ಕುದುರೆಯ ರಕ್ತದ್ದಾದ್ದರಿಂದ ಕೆಲವರಿಗೆ ತುರಿಕೆ, ನಡುಕ, ಕೆಲವೊಮ್ಮೆ ರಕ್ತದೊತ್ತಡ ಕುಸಿಯುವಷ್ಟು ಅಪಾಯ ತರುತ್ತದೆ. ಆಗ ತೊಡೆಗೆ ಅಡ್ರಿನಲಿನ್ ಚುಚ್ಚಬೇಕು. ಇದಕ್ಕಾಗಿಯೇ ಅದನ್ನು ಹಳ್ಳಿಯ ಮನೆಯಲ್ಲಿ ಚುಚ್ಚಲಾಗದು. ಕಡಿದ ಜಾಗದ ಮಾಂಸ ಕೊಳೆಯುವುದನ್ನು ಅದು ಅಷ್ಟಾಗಿ ತಡೆಯಲಾರದು. ಇನ್ನೊಂದು ತೊಡಕು: ದೇಶದ ಪ್ರತಿವಿಷಕ್ಕೆ ಬೇಕಾದ ನಂಜಿನ ಬಹುಪಾಲು ಚೆನ್ನೈ ಬಳಿಯಲ್ಲಿ ಇರುಳರು 1978ರಲ್ಲಿ ಕಟ್ಟಿದ ಸಹಕಾರ ಸಂಘದಿಂದ ಬರುತ್ತದೆ. ಅದೇ ಜಾತಿಯ ಹಾವಿನ ನಂಜು ಪ್ರದೇಶದಿಂದ ಪ್ರದೇಶಕ್ಕೆ ಬೇರೆಯಾಗುವುದರಿಂದ ತಮಿಳುನಾಡಿನ ನಂಜಿಗೆ ಪಳಗಿದ ಮದ್ದು ಎಲ್ಲ ಕಡೆಯೂ ಸಮನಾಗಿ ಹತ್ತುವುದಿಲ್ಲವೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ತೋರಿಸಿದ್ದಾರೆ. ನೂರು ವರ್ಷದ ಹಿಂದೆ ಮುಂಬಯಿಯಲ್ಲಿ ತೀರಿದ ವ್ಯಾಜ್ಯವೇ ಇನ್ನೊಂದು ರೂಪದಲ್ಲಿ ಎದ್ದಿದೆ ಎನ್ನಬಹುದು.

ಫೇಯರರ್ ಅವರು 1869ರ ವರ್ಷಕ್ಕೆ ಕೂಡಿಸಿದ ಲೆಕ್ಕದಲ್ಲಿ ಹಾವು ಕಚ್ಚಿ ಸತ್ತವರು 11,416 ಮಂದಿ. ಅದರಲ್ಲಿ ಮದ್ರಾಸು, ಮುಂಬಯಿ ಪ್ರಾಂತಗಳೂ ಇರಲಿಲ್ಲ, ನಿಜಾಮರ ರಾಜ್ಯವೂ ಇರಲಿಲ್ಲ. 2000ದಿಂದ 2019ರವರೆಗೆ ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಮಂದಿ ಹೀಗೆ ಸತ್ತರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ಆಸ್ಪತ್ರೆಯ ಬಾಗಿಲು ಕಾಣದೆ ಸತ್ತವರು ಸರ್ಕಾರಿ ಪುಸ್ತಕದಲ್ಲಿ ಬರುತ್ತಿರಲಿಲ್ಲವಾದ್ದರಿಂದ ಮನೆಮನೆಗೆ ಹೋಗಿ ಸಾವಿನ ಕಾರಣ ಕೇಳಿ ಬರೆದ ದಾಖಲೆಗಳನ್ನು ಅದಕ್ಕೆ ಬಳಸಬೇಕಾಯಿತು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರವು ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿಮಾಡಬೇಕಾದ ರೋಗಗಳ ಪಟ್ಟಿಗೆ ಸೇರಿಸಿದೆ. ಕಲಬುರಗಿಯಿಂದ ಸುಮಾರು 80 ಕಿಲೋಮೀಟರ್ ದೂರದ ಚಿಂಚೋಳಿಯ ಆಸ್ಪತ್ರೆಗೆ ಬಂದ ಕಡಿತವೂ ಈಗ ಆ ಪುಸ್ತಕದಲ್ಲಿ ಬರಬೇಕು. ಯಾವ ತಿಂಗಳು ಎಲ್ಲಿ ಎಷ್ಟು ಸೀಸೆ ಇರಿಸಬೇಕೆಂಬುದು ಆ ಬರಹದಿಂದಲೇ ಗೊತ್ತಾಗುವಂಥದು.